ಅಲ್ಗಾರಿದಮ್‌ ಮ್ಯಾಲ ಹಾಕೂ ಮೊದಲ ಲೆಕ್ಕ ಮಾಡ್ರಿ

ನಮ್ಮೂರು ಅಳ್ನಾವರ. ಅಲ್ಲಿಂದ ದಾಂಡೇಲಿಗೆ ಒಂದು ರೈಲು ಹಳಿ ಕವಲೊಡೆದು ಹೋಗ್ತದ. ಅದರ ಬಗ್ಗೆ ಎಂಟು ನಿಮಿಷದ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಿದೆ. ಮಕಾಡೆ ಮಲಗಿತು. "ನಸೀಬ ಖರಾಬ್ ಐತಿ, ಬಿಡಲೇ" ಅಂದ ದೋಸ್ತ. ನನಗೆ ಒಪ್ಪಿಗೆಯಾಗಲಿಲ್ಲ. ನಸೀಬು ಅನ್ನೋದು ಉಳಿದೆಲ್ಲ ಕಾರಣ ಕಳೆದ ಮೇಲೆ ಕೊನೆಗೆ ಉಳಿಯೋ ಶೇಷ. ಅದನ್ನೇ ಮೊದಲ ಸಾಲಿನಾಗ ಬರೆದರೆ ಲೆಕ್ಕ ಅಲ್ಲೇ ಮುಗೀತು.

ಯೂಟ್ಯೂಬ್ ಸ್ಟುಡಿಯೋ ತೆಗೆದೆ. ಮೊದಲ ವಾರ ಹೋಮ್ ಪೇಜಿನಲ್ಲಿ ನನ್ನ ಥಂಬ್‌ನೇಲ್ 5,000 ಸಲ ಜನರ ಕಣ್ಣಿಗೆ ಬಿದ್ದಿತ್ತು, ಅಂದರೆ ಅಷ್ಟು ಇಂಪ್ರೆಷನ್. ನನ್ನ ಬೇರೆ ವಿಡಿಯೋಗಳಿಗೂ ಮೊದಲ ವಾರ ಹೆಚ್ಚುಕಮ್ಮಿ ಅಷ್ಟೇ. ಇಂಟರ್ನಲ್ಸ್ ಶುರುವಾದ ದಿನವೇ ಹಾಕಿದ್ದೆ, ನಿಜ. ಆದರೆ ವೇಳೆ ತಪ್ಪಿದ್ದರೆ ನೋಡುಗರೇ ಇರತಿರಲಿಲ್ಲ, ಇಂಪ್ರೆಷನ್ನೇ ಕುಸೀಬೇಕಿತ್ತು. ಕುಸಿದಿರಲಿಲ್ಲ. ಹಂಗಾಗಿ ಟೈಮಿಂಗ್ ಮೇಲಿನ ಸಂಶಯ ಬಿಟ್ಟೆ.

ಕ್ಲಿಕ್ ಆಗಿದ್ದು ಬರೇ 100, ಅಂದರೆ ಶೇ. 2. ನನ್ನ ವಾಡಿಕೆ ಶೇ. 5, ಆ ಪ್ರಕಾರ 250 ಬರಬೇಕಿತ್ತು. ಇದು ನಸೀಬಿನ ಏರಿಳಿತ ಇರಬಹುದಾ? ಎಂ-3ಯಲ್ಲಿ ಓದಿದ √(np(1−p)) ಹಾಕಿ ನೋಡ್ರಿ: ಸುಮಾರು 15. ಅಂದರೆ 220ರಿಂದ 280ರ ತನಕ ನಸೀಬಿನ ಆಟ ಅನ್ನಬಹುದು. 100 ಅಂದ್ರ ಆ ಬೇಲಿಯಿಂದ ಭಾಳ ದೂರ.

ಇದೇ ಲೆಕ್ಕ 300 ಇಂಪ್ರೆಷನ್ನಿಗೆ ಹಾಕಿದರೆ ಕಥೆನೇ ಬೇರೆ. ಅಲ್ಲಿ 15 ಕ್ಲಿಕ್ ನಿರೀಕ್ಷೆ ಇದ್ದಾಗ 9 ಬಂದರೂ ಏನೂ ಹೇಳಾಕ ಬರೂದಿಲ್ಲ. ಅಷ್ಟು ಸಣ್ಣ ಅಂಕಿ ನೋಡಿ ಥಂಬ್‌ನೇಲ್ ಬದಲಿಸೋದು, ಚಾನೆಲ್ಲೇ ಮುಚ್ಚೋದು ಎರಡೂ ಅವಸರದ ಕೆಲಸ.

ಉಳಿದದ್ದು ವಿಷಯ ಮತ್ತು ಪ್ಯಾಕೇಜಿಂಗ್. ಒಳಗೆ ಬಂದವರಲ್ಲಿ 30ನೇ ಸೆಕೆಂಡಿನಲ್ಲಿ ಶೇ. 65 ಜನ ಇದ್ದರು, ನನ್ನ ವಾಡಿಕೆಯಷ್ಟೇ. ಹಂಗಂತ ವಿಷಯ ಪಾಸಾಯಿತು ಅನ್ನೋ ಹಾಗಿಲ್ಲ. ಸಪ್ಪೆ ಟೈಟಲ್ ನೋಡಿಯೂ ಒತ್ತಿದವರು ಮೊದಲೇ ರೈಲಿನ ಹುಚ್ಚಿದ್ದವರು. ಅವರು ಹೆಂಗಿದ್ರೂ ನೋಡ್ತಾರ. ಎರಡನ್ನೂ ಬೇರೆ ಮಾಡಬೇಕಂದ್ರ ಒಂದನ್ನು ಹಂಗೇ ಇಟ್ಟು ಇನ್ನೊಂದನ್ನು ಬದಲಿಸಬೇಕು. ಲ್ಯಾಬಿನಾಗ ಮಾಡೂದೂ ಇದನ್ನೇ ಅಲ್ಲೇನು?

ಹಳೇ ಟೈಟಲ್ 'ಅಳ್ನಾವರ ಜಂಕ್ಷನ್: ಒಂದು ಪರಿಚಯ', ಜೊತೆಗೆ ಸ್ಟೇಷನ್ ಬೋರ್ಡಿನ ಫೋಟೋ. ಹೊಸದು 'ಕಾಡಿನ ಕಟ್ಟಿಗೆ ತರಾಕ ಹಾಕಿದ ಹಳಿ', ಜೊತೆಗೆ ಮರಗಳ ನಡುವೆ ತಿರುಗೋ ಹಳಿಯ ಚಿತ್ರ. ವಿಡಿಯೋದಾಗ ಒಂದು ಸೆಕೆಂಡೂ ಬದಲಿಸಲಿಲ್ಲ. ಹೋಮ್ ಪೇಜಿನಲ್ಲೇ ಮುಂದಿನ 2,000 ಇಂಪ್ರೆಷನ್ನಿಗೆ 88 ಕ್ಲಿಕ್, ಶೇ. 4.4. ಹೋಲಿಕೆ ಅದೇ ಜಾಗದ್ದೇ ಇರಬೇಕು. ಸರ್ಚ್‌ನಿಂದ ಬಂದವರನ್ನು ಇದರೊಳಗ ಕಲಸಿದರೆ ಲೆಕ್ಕ ಕೆಡ್ತದ, ಯಾಕಂದ್ರ ಅವರು ಹುಡುಕಿಕೊಂಡೇ ಬಂದವರು.

ಅಲ್ಲಿಗೆ ತಪ್ಪು ಬಹುಪಾಲು ಹೊದಿಕೆಯದೇ ಅಂತ ಗೊತ್ತಾತು. ಶೇ. 5ಕ್ಕೂ 4.4ಕ್ಕೂ ನಡುವಿನ ವ್ಯತ್ಯಾಸ? ಅದನ್ನ ಬೇಕಾದ್ರ ನಸೀಬಿಗೆ ಬಿಡ್ರಿ. ಅಷ್ಟು ಪಾಲು ಅದಕ್ಕೂ ಐತಿ.