ಡಾಲರಿನ ತಕ್ಕಡಿಯಲ್ಲಿ ರೂಪಾಯಿ ಇದೆಯೆ?

2022ರ ಅಕ್ಟೋಬರ್ ತಿಂಗಳಲ್ಲಿ ಕೇಂದ್ರದ ಹಣಕಾಸು ಸಚಿವರು ವಾಷಿಂಗ್ಟನ್ನಿನಲ್ಲಿ ಪತ್ರಕರ್ತರ ಮುಂದೆ ಒಂದು ಮಾತು ಆಡಿದರು. ರೂಪಾಯಿ ಜಾರುತ್ತಿದೆ ಎಂದು ತಾವು ಭಾವಿಸುವುದಿಲ್ಲ, ಡಾಲರು ಬಲಗೊಳ್ಳುತ್ತಿದೆ ಎಂದೇ ತಿಳಿಯುತ್ತೇವೆ ಎಂಬುದು ಆ ಮಾತಿನ ಸಾರಾಂಶ. ದೇಶದಲ್ಲಿ ಬಹಳ ಜನ ನಕ್ಕರು. ನಗುವುದು ಸುಲಭ, ಆದರೆ ನಕ್ಕು ಸುಮ್ಮನಾದರೆ ನಾವು ಕಲಿಯುವುದೇನೂ ಇಲ್ಲ. ಆ ಮಾತಿನಲ್ಲಿ ನಿಜವೆಷ್ಟು, ಮರೆಸಿದ್ದೆಷ್ಟು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಡಾಲರು ಬಲಗೊಂಡಿತು ಎನ್ನುವವರು ಸಾಮಾನ್ಯವಾಗಿ ಒಂದು ಅಂಕಿಯನ್ನು ಮುಂದಿಡುತ್ತಾರೆ. ಅದರ ಹೆಸರು ಡಾಲರ್ ಸೂಚ್ಯಂಕ. ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ದಿನವೂ ಅಚ್ಚಾಗುತ್ತದೆ. ಅದು ಏರಿದರೆ ಇಡೀ ಜಗತ್ತಿನಲ್ಲೇ ಡಾಲರಿನ ಬೆಲೆ ಏರಿತು, ಇಳಿದರೆ ಎಲ್ಲೆಡೆಯೂ ಇಳಿಯಿತು ಎಂದು ಓದುವವರು ತಿಳಿಯುತ್ತಾರೆ. ಈ ತಿಳಿವಳಿಕೆ ತಪ್ಪು. ಯಾಕೆ ತಪ್ಪು ಎಂಬುದು ಆ ತಕ್ಕಡಿಯನ್ನು ಕಟ್ಟಿದ ರೀತಿಯಲ್ಲೇ ಇದೆ.

1971ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಡಾಲರಿಗೂ ಚಿನ್ನಕ್ಕೂ ಇದ್ದ ಕೊಂಡಿಯನ್ನು ಕಳಚಿದರು. 1973ರ ಮಾರ್ಚಿನ ಹೊತ್ತಿಗೆ ದೊಡ್ಡ ದೇಶಗಳ ನಾಣ್ಯಗಳ ದರಗಳು ಕಟ್ಟು ಬಿಚ್ಚಿಕೊಂಡು ದಿನದಿನವೂ ಏರಿಳಿಯಲು ತೊಡಗಿದವು. ಆ ತಿಂಗಳ ಡಾಲರನ್ನು 100 ಎಂದು ಇಟ್ಟುಕೊಂಡು, ಅಲ್ಲಿಂದೀಚೆಗೆ ಅದು ಎಷ್ಟು ಏರಿತು ಎಷ್ಟು ಇಳಿಯಿತು ಎಂದು ಅಳೆಯುವುದೇ ಈ ಸೂಚ್ಯಂಕದ ಕೆಲಸ.

ಅಳೆಯಲು ಎದುರು ತಟ್ಟೆಯಲ್ಲಿ ಏನಾದರೂ ಇರಬೇಕಷ್ಟೆ? ಆಗ ಹತ್ತು ನಾಣ್ಯಗಳನ್ನು ಇಟ್ಟರು. 1999ರಲ್ಲಿ ಪಶ್ಚಿಮ ಯೂರೋಪಿನ ದೇಶಗಳು ಒಂದಾಗಿ ಯೂರೋ ಎಂಬ ನಾಣ್ಯವನ್ನು ತಂದಾಗ ಜರ್ಮನಿಯ ಮಾರ್ಕ್, ಫ್ರಾನ್ಸಿನ ಫ್ರಾಂಕ್, ಇಟಲಿಯ ಲೀರಾ, ಹಾಲೆಂಡಿನ ಗಿಲ್ಡರ್, ಬೆಲ್ಜಿಯಮ್ಮಿನ ಫ್ರಾಂಕ್ ಈ ಐದೂ ಹೋದವು. ಐದರ ತೂಕವನ್ನೂ ಕೂಡಿಸಿ ಯೂರೋವಿನ ತಲೆಗೆ ಕಟ್ಟಿದರು. ಹೀಗೆ ಈಗ ಉಳಿದಿರುವುದು ಆರು ನಾಣ್ಯಗಳು. ನೂರು ಪಾಲಿನಲ್ಲಿ ಯೂರೋವಿಗೆ 57.6, ಜಪಾನಿನ ಯೆನ್ನಿಗೆ 13.6, ಬ್ರಿಟನ್ನಿನ ಪೌಂಡಿಗೆ 11.9, ಕೆನಡಾದ ಡಾಲರಿಗೆ 9.1, ಸ್ವೀಡನ್ನಿನ ಕ್ರೋನಾಕ್ಕೆ 4.2, ಸ್ವಿಸ್ ಫ್ರಾಂಕಿಗೆ 3.6. ಇಷ್ಟೆ. ಚೀನದ ಯುವಾನ್ ಇಲ್ಲ, ಮೆಕ್ಸಿಕೋದ ಪೆಸೊ ಇಲ್ಲ, ಬ್ರೆಜಿಲಿನ ರಿಯಾಲ್ ಇಲ್ಲ, ನಮ್ಮ ರೂಪಾಯಿಯೂ ಇಲ್ಲ.

ತೂಕ ಎಂದರೇನು ಎಂಬುದನ್ನು ಶಾಲೆಯ ಪರೀಕ್ಷೆಯಿಂದಲೇ ತಿಳಿಯಬಹುದು. ಆರು ವಿಷಯಗಳ ಪರೀಕ್ಷೆ. ಒಟ್ಟು ಅಂಕ 100. ಅದರಲ್ಲಿ ಗಣಿತವೊಂದಕ್ಕೇ 57.6 ಅಂಕ, ಚರಿತ್ರೆಗೆ 4.2 ಅಂಕ ಎಂದು ಯಾರೋ ನಿಯಮ ಮಾಡಿದ್ದಾರೆ ಎನ್ನಿ. ಚರಿತ್ರೆಯಲ್ಲಿ ಪೂರ್ತಿ ಸೋತ ಹುಡುಗನೂ ಮೊದಲ ದರ್ಜೆಯಲ್ಲಿ ಪಾಸಾಗುತ್ತಾನೆ. ಗಣಿತದಲ್ಲಿ ಸೋತವನನ್ನು ಉಳಿದ ಐದು ವಿಷಯ ಸೇರಿದರೂ ಎತ್ತಲಾರವು. ಇನ್ನು ಪಟ್ಟಿಯಲ್ಲೇ ಇಲ್ಲದ ಕನ್ನಡದಲ್ಲಿ ಅವನು ಎಷ್ಟು ಜಾಣನಾದರೂ, ಎಷ್ಟು ದಡ್ಡನಾದರೂ ಫಲಿತಾಂಶದ ಹಾಳೆ ಅದನ್ನು ಹೇಳುವುದೇ ಇಲ್ಲ.

ಇದೇ ಲೆಕ್ಕವನ್ನು ಡಾಲರಿಗೆ ಹಾಕಿ ನೋಡೋಣ. ಸೂಚ್ಯಂಕ 100ರಲ್ಲಿದೆ. ಯೂರೋವಿನ ಎದುರು ಮಾತ್ರ ಡಾಲರಿನ ಬೆಲೆ ಶೇಕಡ 10 ಏರಿತು, ಉಳಿದ ಐದರ ಎದುರು ಅಲುಗಲಿಲ್ಲ ಎನ್ನಿ. ಸೂಚ್ಯಂಕ 105.6 ಆಗುತ್ತದೆ. ಅದೇ ಏರಿಕೆ ಯೆನ್ನಿನ ಎದುರು ಮಾತ್ರ ಆದರೆ 101.3. ಸ್ವೀಡನ್ನಿನ ಕ್ರೋನಾದ ಎದುರು ಮಾತ್ರ ಆದರೆ 100.4. ರೂಪಾಯಿಯ ಎದುರು ಶೇಕಡ 10 ಅಲ್ಲ, ಶೇಕಡ 50 ಏರಿದರೂ ಸೂಚ್ಯಂಕ 100ರಲ್ಲೇ ಕುಳಿತಿರುತ್ತದೆ.

ಇಲ್ಲಿ ಎಚ್ಚರವುಳ್ಳ ಓದುಗರು ಒಂದು ಪ್ರಶ್ನೆ ಕೇಳಿಯಾರು: 57.6ರ ಹತ್ತನೆಯ ಒಂದು ಪಾಲು 5.76 ತಾನೆ, 5.6 ಹೇಗಾಯಿತು? ಕಾರಣ, ಈ ಸರಾಸರಿಯನ್ನು ಕೂಡಿ ಭಾಗಿಸಿ ತೆಗೆಯುವುದಿಲ್ಲ, ಗುಣಿಸಿ ತೆಗೆಯುತ್ತಾರೆ. ಪ್ರತಿಯೊಂದು ದರವನ್ನೂ ಅದರ ತೂಕದ ಘಾತಕ್ಕೆ ಏರಿಸಿ, ಆರನ್ನೂ ಒಂದಕ್ಕೊಂದು ಗುಣಿಸಿ, 1973ರ 100ಕ್ಕೆ ಹೊಂದುವ ಒಂದು ಸ್ಥಿರಸಂಖ್ಯೆಯಿಂದ ಮತ್ತೆ ಗುಣಿಸುತ್ತಾರೆ. ಇದರಲ್ಲಿ ಒಂದು ನ್ಯಾಯವಿದೆ. ಸಮತೂಕದ ಎರಡು ನಾಣ್ಯಗಳಿವೆ. ಒಂದರ ಎದುರು ಡಾಲರು ಎರಡರಷ್ಟಾಯಿತು, ಇನ್ನೊಂದರ ಎದುರು ಅರ್ಧವಾಯಿತು. ಕೂಡಿ ಭಾಗಿಸಿದರೆ 2 ಮತ್ತು ಅರ್ಧದ ಸರಾಸರಿ ಒಂದೂಕಾಲು. ಡಾಲರು ಏರಿದಂತೆ ಸುಳ್ಳು ತೋರುತ್ತದೆ. ಗುಣಿಸಿ ವರ್ಗಮೂಲ ತೆಗೆದರೆ ಒಂದು. ಏರಿದ್ದೂ ಇಲ್ಲ, ಇಳಿದದ್ದೂ ಇಲ್ಲ. ಆದ್ದರಿಂದ ಲೆಕ್ಕದ ವಿಧಾನದ ಮೇಲೆ ನಮ್ಮ ತಕರಾರಿಲ್ಲ. ತಕರಾರಿರುವುದು ತೂಕದ ಕಲ್ಲುಗಳ ಮೇಲೆ.

ಆ ಕಲ್ಲುಗಳು 1973ರವು. ಯೂರೋ ಬಂದಾಗಿನ ಬದಲಾವಣೆಯೊಂದನ್ನು ಬಿಟ್ಟರೆ ಅವನ್ನು ಯಾರೂ ಮುಟ್ಟಿಲ್ಲ. ಆ ಕಾಲದಲ್ಲಿ ಚೀನಕ್ಕೂ ಅಮೆರಿಕಕ್ಕೂ ವ್ಯಾಪಾರವೇ ಇರಲಿಲ್ಲ ಎನ್ನಬೇಕು. ಇಂದು ಮೆಕ್ಸಿಕೋ, ಕೆನಡಾ, ಚೀನ ಈ ಮೂರೂ ಅಮೆರಿಕದೊಡನೆ ಅತಿ ಹೆಚ್ಚು ಸರಕು ವ್ಯಾಪಾರ ಮಾಡುವ ದೇಶಗಳ ಸಾಲಿನಲ್ಲಿವೆ. ಆ ಮೂರರಲ್ಲಿ ಸೂಚ್ಯಂಕ ಬಲ್ಲದ್ದು ಕೆನಡಾವೊಂದನ್ನೇ, ಅದೂ 9.1 ಪಾಲಿನಷ್ಟು. 1985ರಿಂದ ಈ ಸೂಚ್ಯಂಕದ ಮೇಲೆ ನ್ಯೂಯಾರ್ಕಿನಲ್ಲಿ ವಾಯಿದೆ ವ್ಯಾಪಾರ ನಡೆಯುತ್ತಿದೆ. ಜೂಜಿಗೆ ಕೂತವರಿಗೆ ಬೇಕಾದದ್ದು ಬದಲಾಗದ ಪಗಡೆಹಾಸು. ಅದು ಜಗತ್ತಿನ ವ್ಯಾಪಾರವನ್ನು ಸರಿಯಾಗಿ ತೋರಿಸುತ್ತದೆಯೆ ಎಂಬ ಚಿಂತೆ ಅವರಿಗಿಲ್ಲ.

ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಇದನ್ನು ಅರಿಯದೆ ಇಲ್ಲ. ಅದು ಪ್ರತ್ಯೇಕವಾಗಿ ಒಂದು ವಿಶಾಲ ಸೂಚ್ಯಂಕವನ್ನು ಪ್ರಕಟಿಸುತ್ತದೆ. ಅದರಲ್ಲಿ 26 ನಾಣ್ಯಗಳಿವೆ. ಚೀನ, ಮೆಕ್ಸಿಕೋಗಳಿವೆ, ರೂಪಾಯಿಯೂ ಇದೆ. ವ್ಯಾಪಾರ ಬದಲಾದಂತೆ ಅದರ ತೂಕಗಳನ್ನು ವರ್ಷವರ್ಷವೂ ತಿದ್ದುತ್ತಾರೆ. ಆದರೆ ಸುದ್ದಿಯಲ್ಲಿ ಮೆರೆಯುವುದು ಆರು ನಾಣ್ಯಗಳ ಹಳೆಯ ತಕ್ಕಡಿಯೇ.

ಈಗ ಸಚಿವರ ಮಾತಿಗೆ ಬರೋಣ. 2022ರ ಆರಂಭದಲ್ಲಿ ಸೂಚ್ಯಂಕ 96ರ ಆಸುಪಾಸಿನಲ್ಲಿತ್ತು. ಸೆಪ್ಟೆಂಬರ್ ಕೊನೆಯಲ್ಲಿ 114ನ್ನು ದಾಟಿತು. ಅಮೆರಿಕದಲ್ಲಿ ಬಡ್ಡಿ ಏರಿತ್ತು. ಉಕ್ರೇನಿನ ಯುದ್ಧದಿಂದ ಯೂರೋಪಿಗೆ ಇಂಧನದ ಬರ ಬಂದಿತ್ತು. ಯೂರೋ ಒಂದು ಡಾಲರಿಗಿಂತಲೂ ಕೆಳಗಿಳಿಯಿತು. ಸೂಚ್ಯಂಕದ ಏರಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಯೂರೋವೊಂದರಿಂದಲೇ ಆದದ್ದು. ಆ ಒಂಬತ್ತು ತಿಂಗಳಲ್ಲಿ ಡಾಲರು ಯೂರೋವಿನ ಎದುರು ಶೇಕಡ 18ರಷ್ಟು ಏರಿದರೆ ರೂಪಾಯಿಯ ಎದುರು ಏರಿದ್ದು ಶೇಕಡ 10ರಷ್ಟು. ಇದು ನಿಜ. ಆ ವರ್ಷದ ಮಟ್ಟಿಗೆ ಸಚಿವರ ಮಾತು ಬರಿಯ ನೆಪವಾಗಿರಲಿಲ್ಲ ಎಂದು ವಿರೋಧಿಗಳಾದ ನಾವೂ ಒಪ್ಪಬೇಕು.

ಆದರೆ ಒಂದು ವರ್ಷಕ್ಕೆ ಹೊಂದಿದ ಮಾತು ನಿಯಮವಾಗುವುದಿಲ್ಲ. 2013ನ್ನು ನೆನೆಯಿರಿ. ಆ ವರ್ಷ ಮೇ ತಿಂಗಳಲ್ಲಿ, ಮಾರುಕಟ್ಟೆಗೆ ಹಣ ಸುರಿಯುವುದನ್ನು ಕಡಿಮೆ ಮಾಡಬಹುದೆಂದು ಫೆಡರಲ್ ರಿಸರ್ವಿನ ಮುಖ್ಯಸ್ಥ ಬರ್ನಾಂಕೆ ಸೂಚನೆ ಕೊಟ್ಟರು. ಭಾರತ, ಬ್ರೆಜಿಲ್, ಇಂಡೋನೇಷ್ಯ, ಟರ್ಕಿ, ದಕ್ಷಿಣ ಆಫ್ರಿಕ ಈ ದೇಶಗಳಿಂದ ವಿದೇಶೀ ಬಂಡವಾಳ ಗಂಟುಮೂಟೆ ಕಟ್ಟಿತು. ಮೇ ಆರಂಭದಲ್ಲಿ ಡಾಲರಿಗೆ 54ರ ಆಸುಪಾಸಿನಲ್ಲಿದ್ದ ರೂಪಾಯಿ ಆಗಸ್ಟ್ 28ರಂದು 68ನ್ನೂ ದಾಟಿತು. ನಾಲ್ಕು ತಿಂಗಳೊಳಗೆ ಡಾಲರು ನಮ್ಮ ಪಾಲಿಗೆ ಕಾಲು ಭಾಗಕ್ಕೂ ಹೆಚ್ಚು ತುಟ್ಟಿಯಾಯಿತು. ಆಗ ಡಾಲರ್ ಸೂಚ್ಯಂಕ ಎಲ್ಲಿತ್ತು? 80ಕ್ಕೂ 85ಕ್ಕೂ ನಡುವೆ ತೂಗಾಡುತ್ತ ಇದ್ದಲ್ಲೇ ಇತ್ತು. ಪೆಟ್ಟು ತಿಂದ ಐದು ದೇಶಗಳಲ್ಲಿ ಒಂದರ ನಾಣ್ಯವೂ ಆ ತಕ್ಕಡಿಯಲ್ಲಿರಲಿಲ್ಲ. ನೂರು ಡಾಲರ್ ಬೆಲೆಯ ಕಚ್ಚಾತೈಲಕ್ಕೋ ಗೊಬ್ಬರಕ್ಕೋ 5,400 ರೂಪಾಯಿ ತೆರುತ್ತಿದ್ದ ದೇಶ 6,800 ತೆತ್ತಿತು. ತಕ್ಕಡಿಯ ಮುಳ್ಳು ಅಲುಗಲಿಲ್ಲ.

2025ರಲ್ಲಂತೂ ಮುಳ್ಳು ಉಲ್ಟಾ ತಿರುಗಿತು. ಜನವರಿಯಲ್ಲಿ 109ರ ಹತ್ತಿರವಿದ್ದ ಸೂಚ್ಯಂಕ ಜೂನ್ ಕೊನೆಗೆ 97ರ ಆಸುಪಾಸಿಗೆ ಬಿತ್ತು. ಡಾಲರು ಸೊರಗಿತೆಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಸಚಿವರ ತರ್ಕದ ಪ್ರಕಾರ ರೂಪಾಯಿ ಆಗ ಚೇತರಿಸಬೇಕಿತ್ತು. ಜನವರಿಯಲ್ಲಿ ಡಾಲರಿಗೆ 86ರ ಆಸುಪಾಸಿನಲ್ಲಿದ್ದ ರೂಪಾಯಿ ಡಿಸೆಂಬರಿನಲ್ಲಿ 90ನ್ನು ದಾಟಿತು. ನಡುವೆ ಆಗಸ್ಟಿನಲ್ಲಿ ಅಮೆರಿಕವು ಭಾರತದ ಸರಕಿನ ಮೇಲೆ ಶೇಕಡ 50ರವರೆಗೆ ಸುಂಕ ಹೇರಿತ್ತು. ವಿದೇಶೀ ಬಂಡವಾಳಗಾರರು ನಮ್ಮ ಷೇರುಗಳನ್ನು ಮಾರಿ ಹೋಗುತ್ತಿದ್ದರು. ಡಾಲರು ಸೊರಗಿದ ವರ್ಷದಲ್ಲೂ ರೂಪಾಯಿ ಇಳಿಯಿತೆಂದರೆ ಅದಕ್ಕೆ ಡಾಲರಿನ ಬಲವನ್ನು ದೂರುವುದು ಹೇಗೆ?

ನಮ್ಮ ರಿಸರ್ವ್ ಬ್ಯಾಂಕಿನ ಬಳಿ ನಮ್ಮದೇ ತಕ್ಕಡಿ ಇದೆ. ನಮ್ಮೊಡನೆ ವ್ಯಾಪಾರವಿರುವ ದೇಶಗಳ 40 ನಾಣ್ಯಗಳನ್ನು ಎದುರಿಗಿಟ್ಟು ಅದು ರೂಪಾಯಿಯನ್ನು ತೂಗುತ್ತದೆ. 2015-16ನ್ನು 100 ಎಂದು ಹಿಡಿಯುತ್ತದೆ. ಎರಡು ಲೆಕ್ಕ ಕೊಡುತ್ತದೆ: ಒಂದು ಬರಿಯ ದರಗಳದು, ಇನ್ನೊಂದು ಇಲ್ಲಿಯ ಮತ್ತು ಅಲ್ಲಿಯ ಬೆಲೆಯೇರಿಕೆಯನ್ನೂ ಸೇರಿಸಿದ್ದು. ರೂಪಾಯಿ ಜಾರಿತೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅಲ್ಲಿ. ಗೊಬ್ಬರ, ತೈಲಗಳ ಬಿಲ್ಲಿನ ಮಾತಾದರೆ ಯಾವ ಸರಾಸರಿಯೂ ಬೇಡ. ಅವುಗಳ ಬೆಲೆ ಬಹುಪಾಲು ಡಾಲರಿನಲ್ಲೇ ಕಟ್ಟಿದ್ದು, ಒಂದು ಡಾಲರಿಗೆ ಎಷ್ಟು ರೂಪಾಯಿ ಎಂಬುದೇ ಸಾಕು.

ನಮ್ಮ ಒತ್ತಾಯ ದೊಡ್ಡದೇನೂ ಅಲ್ಲ. ರೂಪಾಯಿಯ ಬಗ್ಗೆ ಸಂಸತ್ತಿನಲ್ಲಿ ಉತ್ತರ ಕೊಡುವ ಸಚಿವರು ಯಾವ ತಕ್ಕಡಿಯಲ್ಲಿ ತೂಗಿದ್ದೇವೆಂದು ಹೇಳಲಿ. ಡಾಲರ್ ಸೂಚ್ಯಂಕವನ್ನು ಅಚ್ಚು ಮಾಡುವ ಪತ್ರಿಕೆಗಳು ಪಕ್ಕದಲ್ಲೇ 40 ನಾಣ್ಯಗಳ ಅಂಕಿಯನ್ನೂ ಹಾಕಲಿ. ನಮ್ಮ ಶಾಖೆಗಳಲ್ಲಿ ಪತ್ರಿಕೆ ಓದಿ ಹೇಳುವ ಗೆಳೆಯರು ಇನ್ನುಮೇಲೆ ಡಾಲರು ಬಲಗೊಂಡಿತು ಎಂಬ ತಲೆಬರಹ ಕಂಡಾಗ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ: ಯಾರ ಎದುರು? ಸಂತೆಯಲ್ಲಿ ಅಂಗಡಿಯವನ ತಕ್ಕಡಿಯ ಕಲ್ಲನ್ನು ತಿರುವಿ ನೋಡುವ ನಮ್ಮ ಹೆಣ್ಣುಮಕ್ಕಳಿಗೆ ಈ ಪ್ರಶ್ನೆಯನ್ನು ಯಾರೂ ಕಲಿಸಬೇಕಾಗಿಲ್ಲ.