ಸತ್ತ್ವ ಹೋದ ನೀರು

ಜಲವಿದ್ಯುತ್ತಿನ ಪಾಠ ಮುಗಿದಾಗ ಒಬ್ಬ ವಿದ್ಯಾರ್ಥಿಯಾದರೂ ಎದ್ದುನಿಂತು ಕೇಳುವ ಪ್ರಶ್ನೆಯೊಂದಿದೆ: "ನೀರಿನಿಂದ ಕರೆಂಟನ್ನು ತೆಗೆದ ಮೇಲೆ ಆ ನೀರಿನಲ್ಲಿ ಸತ್ತ್ವ ಉಳಿದಿರುತ್ತದೆಯೇ? ಅದನ್ನು ಗದ್ದೆಗೆ ಹಾಯಿಸಿದರೆ ಬೆಳೆ ಬರುತ್ತದೆಯೇ?" ತರಗತಿ ನಗುತ್ತದೆ, ಬಹಳ ಕಡೆ ಅಧ್ಯಾಪಕರೂ ನಗುತ್ತಾರೆ. ಈ ನಗು ನಮಗೆ ಒಪ್ಪಿಗೆಯಿಲ್ಲ. ಬೆಳೆಯ ಮಾತು ತಪ್ಪು, ನಿಜ. ಆದರೆ ನೀರು ಏನನ್ನೋ ಕಳೆದುಕೊಳ್ಳದೆ ನಮಗೆ ಏನನ್ನೂ ಕೊಡಲಾರದು ಎಂಬ ಗುಮಾನಿ ಸಂಪೂರ್ಣವಾಗಿ ಸರಿ. ಶಕ್ತಿನಿತ್ಯತ್ವದ ನಿಯಮವೂ ಹೇಳುವುದು ಇದನ್ನೇ. ಹಾಗಾದರೆ ನೀರು ಕಳೆದುಕೊಂಡದ್ದು ಏನು, ಎಷ್ಟು, ಅದನ್ನು ಅಳೆಯಲು ಬರುತ್ತದೆಯೇ? ನಮ್ಮ ನಾಡಿನ ಶರಾವತಿಯನ್ನೇ ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

ಲಿಂಗನಮಕ್ಕಿಯ ಜಲಾಶಯದಲ್ಲಿ ನಿಂತ ನೀರು ಕಾಲುವೆಯ ಮೂಲಕ ತಳಕಳಲೆ ಎಂಬ ಸಣ್ಣ ಜಲಾಶಯಕ್ಕೆ ಬಂದು, ಅಲ್ಲಿಂದ ಉಕ್ಕಿನ ಕೊಳವೆಗಳಲ್ಲಿ ಘಟ್ಟವನ್ನಿಳಿದು, ಜೋಗದ ಜಲಪಾತಕ್ಕಿಂತಲೂ ಕೆಳಗೆ ಕಣಿವೆಯಲ್ಲಿರುವ ಶರಾವತಿ ವಿದ್ಯುದಾಗಾರವನ್ನು ಸೇರುತ್ತದೆ. 1965ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾದ ಈ ಆಗಾರದಲ್ಲಿ ಹತ್ತು ಯಂತ್ರಗಳಿವೆ. ಒಟ್ಟು ಸಾಮರ್ಥ್ಯ 1,035 ಮೆಗಾವ್ಯಾಟ್. ನೀರಿಗೆ ದೊರೆಯುವ ಇಳಿತವನ್ನು ಲೆಕ್ಕಕ್ಕಾಗಿ ಸುಮಾರು 440 ಮೀಟರ್ ಎಂದಿಟ್ಟುಕೊಳ್ಳಬಹುದು.

ಒಂದು ಸಾವಿರ ಲೀಟರ್ ನೀರನ್ನು, ಎಂದರೆ ಒಂದು ಘನ ಮೀಟರನ್ನು, ತೆಗೆದುಕೊಳ್ಳಿ. ಅದರ ರಾಶಿ ಸಾವಿರ ಕಿಲೋಗ್ರಾಂ. ಇದನ್ನು ಗುರುತ್ವ ವೇಗೋತ್ಕರ್ಷವಾದ 9.8ರಿಂದಲೂ, 440 ಮೀಟರ್ ಎತ್ತರದಿಂದಲೂ ಗುಣಿಸಿದರೆ ಸುಮಾರು 43 ಲಕ್ಷ ಜೌಲ್ ಬರುತ್ತದೆ. ನಮ್ಮ ಮನೆಯ ಮೀಟರ್ ತೋರಿಸುವ ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಆದ್ದರಿಂದ ತಳಕಳಲೆಯ ಸಾವಿರ ಲೀಟರ್ ನೀರಿನಲ್ಲಿ 1.2 ಯೂನಿಟ್ ಅಡಗಿದೆ. ಕೊಳವೆಯ ಘರ್ಷಣೆ, ಚಕ್ರ ಮತ್ತು ಉತ್ಪಾದಕ ಯಂತ್ರಗಳ ನಷ್ಟ ಇವೆಲ್ಲ ಕಳೆದು ಹೆಚ್ಚುಕಡಿಮೆ ಒಂದು ಯೂನಿಟ್ ಕೈಗೆ ಸಿಗುತ್ತದೆ. ನೆನಪಿಟ್ಟುಕೊಳ್ಳಲು ಇದಕ್ಕಿಂತ ಸುಲಭವಾದ ಲೆಕ್ಕವಿಲ್ಲ: ಸಾವಿರ ಲೀಟರಿಗೆ ಒಂದು ಯೂನಿಟ್. ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆಗೆ ಶರಾವತಿಯೊಂದೇ ವಿದ್ಯುತ್ತು ಒದಗಿಸುವುದಾದರೆ, ಆ ಮನೆಯ ಹೆಸರಿನಲ್ಲಿ ಒಂದು ಲಕ್ಷ ಲೀಟರ್ ನೀರು ಘಟ್ಟವನ್ನು ಇಳಿಯಬೇಕು.

ಇಲ್ಲಿ ಒಂದು ಸಾಮಾನ್ಯ ತಪ್ಪನ್ನು ತಿದ್ದಬೇಕಾಗಿದೆ. ಅಣೆಕಟ್ಟೇ ವಿದ್ಯುತ್ತನ್ನು ಕೊಡುತ್ತದೆ ಎಂದು ಜನ ತಿಳಿಯುತ್ತಾರೆ. ಲಿಂಗನಮಕ್ಕಿ ಅಣೆಕಟ್ಟಿನ ಬುಡದಲ್ಲಿಯೂ ಒಂದು ವಿದ್ಯುದಾಗಾರವಿದೆ. ಅದರ ಸಾಮರ್ಥ್ಯ 55 ಮೆಗಾವ್ಯಾಟ್ ಮಾತ್ರ. ಅಲ್ಲಿ ಹಾದುಹೋದ ನೀರೇ ಮುಂದೆ ತಳಕಳಲೆಗೆ ಬಂದು ಅದರ ಹಲವು ಪಟ್ಟು ಶಕ್ತಿಯನ್ನು ಕೊಡುತ್ತದೆ. ಅಣೆಕಟ್ಟು ಒದಗಿಸುವ ಇಳಿತ ಅಲ್ಪ; ದೊಡ್ಡ ಇಳಿತ ಸಹ್ಯಾದ್ರಿಯದು. ಹಾಗಾದರೆ ಅಷ್ಟು ದೊಡ್ಡ ಕಟ್ಟೆ ಏತಕ್ಕೆ? ಮಳೆ ಬರುವುದು ನಾಲ್ಕು ತಿಂಗಳು, ದೀಪ ಉರಿಯಬೇಕಾದದ್ದು ಹನ್ನೆರಡು ತಿಂಗಳು. ಕಟ್ಟೆ ಕೊಡುವುದು ಕಾಲಾವಕಾಶವನ್ನು. ಆ ಅವಕಾಶಕ್ಕಾಗಿ ಊರುಗಳೂ ಕಾಡುಗಳೂ ಮುಳುಗಿದವು. ಮಡೆನೂರಿನಲ್ಲಿ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಹೊಸ ನೀರಿನಲ್ಲಿ ಮುಳುಗಿಹೋಯಿತು.

ಈಗ ಕೊಳವೆಯ ತುದಿಗೆ ಬರೋಣ. 440 ಮೀಟರ್ ಎತ್ತರದ ನೀರಿನ ಕಂಬವು ವಾಯುಮಂಡಲದ ಒತ್ತಡದ ನಲವತ್ತು ಪಟ್ಟಿಗೂ ಮೀರಿ ಒತ್ತುತ್ತದೆ. ಮೂತಿಯಿಂದ ಹೊರಟ ಧಾರೆಯ ವೇಗ ಸೆಕೆಂಡಿಗೆ ಸುಮಾರು 93 ಮೀಟರ್. ಗಂಟೆಗೆ 330 ಕಿಲೋಮೀಟರಿಗೂ ಹೆಚ್ಚು. ಇದು ಹೋಗಿ ಬಡಿಯುವುದು ಪೆಲ್ಟನ್ ಚಕ್ರದ ಅಂಚಿನಲ್ಲಿ ಜೋಡಿಸಿದ ಬಟ್ಟಲುಗಳಿಗೆ. ಕ್ಯಾಲಿಫೋರ್ನಿಯಾದ ಗಣಿಗಳ ನಡುವೆ ದುಡಿದ ಲೆಸ್ಟರ್ ಪೆಲ್ಟನ್ 1880ರಲ್ಲಿ ಸ್ವಾಮ್ಯಪತ್ರ ಪಡೆದ ಉಪಾಯವಿದು. ಪ್ರತಿ ಬಟ್ಟಲಿನ ನಡುವೆ ಒಂದು ಏಣು ಇದೆ. ಧಾರೆ ಅದರ ಮೇಲೆ ಬಿದ್ದು ಎರಡಾಗಿ ಸೀಳಿ, ಬಟ್ಟಲಿನ ಒಳಮೈಯನ್ನು ಬಳಸಿಕೊಂಡು, ಬಂದ ದಿಕ್ಕಿಗೇ ಹಿಂದಿರುಗುತ್ತದೆ.

ಬಟ್ಟಲು ಧಾರೆಯ ಅರ್ಧ ವೇಗದಲ್ಲಿ ಓಡುತ್ತಿರುವಂತೆ ಚಕ್ರವನ್ನು ರಚಿಸುತ್ತಾರೆ. ಇದರ ಚೆಲುವನ್ನು ನೋಡಿರಿ. ಬಟ್ಟಲಿನ ಮೇಲೆ ಕುಳಿತು ನೋಡುವವನಿಗೆ ನೀರು ಸೆಕೆಂಡಿಗೆ 46 ಮೀಟರಿನಂತೆ ಬಂದು ಅದೇ ವೇಗದಲ್ಲಿ ಹಿಮ್ಮೊಗವಾಗಿ ಹೋದಂತೆ ಕಾಣುತ್ತದೆ. ಆದರೆ ಅವನೇ 46 ಮೀಟರಿನಂತೆ ಮುಂದಕ್ಕೆ ಓಡುತ್ತಿದ್ದಾನೆ! ಆದ್ದರಿಂದ ನೆಲದ ಮೇಲೆ ನಿಂತವನ ಕಣ್ಣಿಗೆ ಬಟ್ಟಲು ಬಿಟ್ಟ ನೀರಿಗೆ ವೇಗವೇ ಇಲ್ಲ. ಅದು ಸುಮ್ಮನೆ ಕೆಳಗೆ ಬೀಳುತ್ತದೆ. ಚಲನಶಕ್ತಿಯೆಲ್ಲ ಚಕ್ರಕ್ಕೆ ಸಂದಿತು. ವಾಸ್ತವದಲ್ಲಿ ನೀರು ಪಕ್ಕಕ್ಕೆ ಸರಿದು ಹೋಗಲು ತುಸು ವೇಗ ಉಳಿಯಲೇಬೇಕು. ಆದರೂ ಒಳ್ಳೆಯ ಚಕ್ರ ನೂರಕ್ಕೆ ತೊಂಬತ್ತರಷ್ಟನ್ನು ಹಿಡಿದುಕೊಳ್ಳುತ್ತದೆ.

ಚಕ್ರದ ದಂಡಕ್ಕೇ ಉತ್ಪಾದಕ ಯಂತ್ರದ ತಿರುಗುವ ಭಾಗ ಸೇರಿಕೊಂಡಿದೆ. ಅದು ವಿದ್ಯುತ್ತಿನಿಂದ ಅಯಸ್ಕಾಂತಗೊಳಿಸಿದ ಧ್ರುವಗಳ ಒಂದು ಉಂಗುರ. ಸುತ್ತಲೂ ತಾಮ್ರದ ಸುರುಳಿಗಳು ಸ್ಥಿರವಾಗಿ ನಿಂತಿವೆ. ಧ್ರುವಗಳು ಸುರುಳಿಗಳನ್ನು ಸವರಿಕೊಂಡು ಹೋದಂತೆ ಅವುಗಳಲ್ಲಿ ವಿದ್ಯುದ್ದಾಬ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ಸಂಗತಿಯಿದು. ನಮ್ಮ ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ. ಸ್ಥಾನಶಕ್ತಿ, ಬಾಣ, ಚಲನಶಕ್ತಿ, ಬಾಣ, ಯಾಂತ್ರಿಕ ಶಕ್ತಿ, ಬಾಣ, ವಿದ್ಯುಚ್ಛಕ್ತಿ! ಈ ಬಾಣಗಳ ಮೇಲೆ ನಮಗೆ ತಕರಾರಿದೆ. ಚಕ್ರ ತಿರುಗಿದ ಮಾತ್ರಕ್ಕೆ ಶಕ್ತಿ ತಂತಿಗೆ ಹರಿದುಹೋಗುತ್ತದೆ ಎಂಬ ಭ್ರಮೆಯನ್ನು ಅವು ಹುಟ್ಟಿಸುತ್ತವೆ.

ನಿಜವಾಗಿ ಆಗುವುದು ಬೇರೆ. ಸುರುಳಿಗಳ ಮಂಡಲ ಮುಗಿಯದೆ ತೆರೆದಿದ್ದರೆ ಅಯಸ್ಕಾಂತದ ಉಂಗುರ ಹಗುರವಾಗಿ ತಿರುಗುತ್ತದೆ. ಘರ್ಷಣೆಗೆ ಬೇಕಾದಷ್ಟೇ ನೀರು ಸಾಕು. ಬೆಂಗಳೂರಿನಲ್ಲಿ ಸಂಜೆ ದೀಪಗಳನ್ನು ಹೊತ್ತಿಸಿದಾಗ ಸುರುಳಿಗಳಲ್ಲಿ ಪ್ರವಾಹ ಹರಿಯುತ್ತದೆ. ಆ ಪ್ರವಾಹ ತನ್ನದೇ ಅಯಸ್ಕಾಂತ ಕ್ಷೇತ್ರವನ್ನು ಹುಟ್ಟಿಸಿ ಉಂಗುರವನ್ನು ಹಿಂದಕ್ಕೆ ಜಗ್ಗುತ್ತದೆ. ಈ ಜಗ್ಗಾಟದ ವಿರುದ್ಧ ನೀರು ಚಕ್ರವನ್ನು ನೂಕಬೇಕು. ಆ ನೂಕುವಿಕೆಯ ಕೆಲಸವೇ ವಿದ್ಯುತ್ತಾಗುತ್ತದೆ. ಎದುರಿಸುವವರಿಲ್ಲದೆ ಕೆಲಸವಿಲ್ಲ. ಸೈಕಲ್ಲಿನ ಡೈನಮೋವನ್ನು ಗಾಲಿಗೆ ತಾಗಿಸಿ, ದೀಪ ಇದ್ದಾಗಲೂ ದೀಪ ಕಳಚಿದಾಗಲೂ ತುಳಿದು ನೋಡಿದವರಿಗೆ ಈ ವ್ಯತ್ಯಾಸ ಕಾಲಿಗೇ ತಿಳಿದಿರುತ್ತದೆ. ಹೊರೆ ಏರಿದರೆ ಯಂತ್ರಗಳು ತುಸು ನಿಧಾನವಾಗಿ, ಆವರ್ತನ 50ಕ್ಕಿಂತ ಕೆಳಗಿಳಿಯುತ್ತದೆ. ಕೂಡಲೇ ನಿಯಂತ್ರಕವು ಮೂತಿಯಲ್ಲಿನ ಸೂಜಿಯನ್ನು ಹಿಂದೆಗೆದು ಧಾರೆಯನ್ನು ದಪ್ಪಗೊಳಿಸುತ್ತದೆ. ಪೂರ್ಣ ಹೊರೆಯಲ್ಲಿ ಒಂದು ಯಂತ್ರಕ್ಕೆ, ನಮ್ಮ ಲೆಕ್ಕದಂತೆ, ಸೆಕೆಂಡಿಗೆ ಸುಮಾರು 27 ಘನ ಮೀಟರ್ ನೀರು ಬೇಕು.

ತಂತಿಮಾರ್ಗಕ್ಕೆ ಸಿಡಿಲು ಬಡಿದು ಹೊರೆ ಒಮ್ಮೆಗೇ ತಪ್ಪಿದರೆ ಈ ಎದುರಾಟದ ಮಹತ್ವ ಚೆನ್ನಾಗಿ ಗೊತ್ತಾಗುತ್ತದೆ. ಜಗ್ಗುವವರಿಲ್ಲದ ಚಕ್ರ ತನ್ನ ಸಹಜ ವೇಗದ ಸುಮಾರು ಎರಡು ಪಟ್ಟಿನತ್ತ ಓಡತೊಡಗುತ್ತದೆ. ನೀರನ್ನು ಥಟ್ಟನೆ ನಿಲ್ಲಿಸೋಣವೆಂದರೆ, ಕೊಳವೆಯುದ್ದಕ್ಕೂ ಧಾವಿಸುತ್ತಿರುವ ನೂರಾರು ಟನ್ ನೀರು ಸುತ್ತಿಗೆಯಂತೆ ಬಡಿದು ಉಕ್ಕನ್ನೇ ಸೀಳಬಹುದು. ಆದ್ದರಿಂದ ಮೂತಿಯ ಮುಂದೆ ಒಂದು ತಿರುಗುಫಲಕವನ್ನಿಡುತ್ತಾರೆ. ಅದು ಕ್ಷಣಾರ್ಧದಲ್ಲಿ ಧಾರೆಯನ್ನು ಬಟ್ಟಲಿನಿಂದ ಆಚೆಗೆ ತಿರುಗಿಸುತ್ತದೆ. ಸೂಜಿ ಆಮೇಲೆ ಸಾವಕಾಶವಾಗಿ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತು ನೀರು ವ್ಯರ್ಥವಾಗಿ ಬೀಳುತ್ತದೆ, ಕೊಳವೆ ಉಳಿಯುತ್ತದೆ.

ಇನ್ನು ಸತ್ತ್ವದ ಪ್ರಶ್ನೆ. ಯಂತ್ರವಿಲ್ಲದೆ ಸುಮ್ಮನೆ ಬಿದ್ದ ನೀರಿನ ಶಕ್ತಿ ಎಲ್ಲಿ ಹೋಗುತ್ತದೆ? ಅದು ಬಡಿದು ಕದಡಿ ಶಾಖವಾಗುತ್ತದೆ. ಶಾಖ ಹೊರಗೆ ಸೋರದಿದ್ದರೆ 440 ಮೀಟರ್ ಬಿದ್ದ ನೀರು ಒಂದು ಸೆಂಟಿಗ್ರೇಡ್ ಡಿಗ್ರಿಯಷ್ಟು ಬೆಚ್ಚಗಾಗಬೇಕು; 253 ಮೀಟರಿನ ಜೋಗದಲ್ಲಿ 0.6 ಡಿಗ್ರಿ. 1847ರಲ್ಲಿ ಜೌಲ್ ತನ್ನ ಮಧುಚಂದ್ರದ ಪ್ರವಾಸದಲ್ಲಿ ಉಷ್ಣಮಾಪಕ ಹಿಡಿದು ಆಲ್ಪ್ಸ್ ಪರ್ವತದ ಜಲಪಾತವನ್ನು ಅಳೆಯಹೊರಟ ಸಂಗತಿಯನ್ನು ವಿಲಿಯಂ ಟಾಮ್ಸನ್ ಹೇಳಿದ್ದಾನೆ. ನೀರು ತುಂತುರಾಗಿ ಚದುರುತ್ತಿದ್ದುದರಿಂದ ಅಳತೆ ಕೈಗೂಡಲಿಲ್ಲ. ಇಂದು ಇಂಜಿನಿಯರುಗಳು ಎತ್ತರದ ವಿದ್ಯುದಾಗಾರಗಳಲ್ಲಿ ಇದನ್ನೇ ಮಾಡುತ್ತಾರೆ: ಚಕ್ರಕ್ಕೆ ಬರುವ ನೀರಿನ ಮತ್ತು ಬಿಟ್ಟುಹೋಗುವ ನೀರಿನ ಉಷ್ಣತೆಯ ವ್ಯತ್ಯಾಸವನ್ನು ಡಿಗ್ರಿಯ ಸಾವಿರದಲ್ಲೊಂದು ಭಾಗದವರೆಗೆ ಅಳೆದು ಚಕ್ರದ ದಕ್ಷತೆಯನ್ನು ಕಂಡುಹಿಡಿಯುತ್ತಾರೆ. ಬಟ್ಟಲುಗಳು ಸವೆದು ಒರಟಾದರೆ ನೀರು ಸ್ವಲ್ಪ ಹೆಚ್ಚು ಬೆಚ್ಚಗೆ ಹೊರಬರುತ್ತದೆ. ಆದ್ದರಿಂದ ಆ ವಿದ್ಯಾರ್ಥಿಗೆ ನಾವು ಕೊಡುವ ಉತ್ತರವಿಷ್ಟೆ: ನೀರು ಕಳೆದುಕೊಂಡದ್ದು ಎತ್ತರವನ್ನು. ಆ ಎತ್ತರಕ್ಕೆ ಪ್ರತಿಯಾಗಿ ತನಗೆ ಬರಬಹುದಾಗಿದ್ದ ಒಂದು ಡಿಗ್ರಿ ಬಿಸಿಯ ಬಹುಭಾಗವನ್ನು ವಿದ್ಯುತ್ತಾಗಿ ನಮಗೆ ಕೊಟ್ಟಿತು. ಲವಣಗಳಾಗಲಿ ಬೆಳೆಗೆ ಬೇಕಾದ ಬೇರೆ ಯಾವುದೇ ಗುಣವಾಗಲಿ ಹೋಗಿಲ್ಲ.

ಇಷ್ಟು ತಿಳಿದವರು ಇಂದಿನ ಒಂದು ವಾದವನ್ನು ಸರಿಯಾಗಿ ತೂಗಬಲ್ಲರು. ಶರಾವತಿ ಆಗಾರದಿಂದ ಹೊರಬಿದ್ದ ನೀರು ಗೇರುಸೊಪ್ಪೆಯ ಕಟ್ಟೆಯಲ್ಲಿ ನಿಂತು, ಉಳಿದ ಐವತ್ತು ಮೀಟರಿಗೂ ಕಡಿಮೆ ಎತ್ತರದಿಂದ ಇನ್ನೊಮ್ಮೆ ಕೆಲಸ ಮಾಡಿ ಹೊನ್ನಾವರದ ಕಡಲಿಗೆ ಹೋಗುತ್ತದೆ. ಗೇರುಸೊಪ್ಪೆಯ ನೀರನ್ನು ಮರಳಿ ತಳಕಳಲೆಗೆ ಏರಿಸಿ ಬೇಕಾದಾಗ ಇಳಿಸುವ 2,000 ಮೆಗಾವ್ಯಾಟಿನ ಯೋಜನೆಯೊಂದು ಕೆಲವು ವರ್ಷಗಳಿಂದ ಚರ್ಚೆಯಲ್ಲಿದೆ. ಇದನ್ನು ವಿದ್ಯುತ್ ಉತ್ಪಾದನೆ ಎಂದು ಕರೆಯುವುದನ್ನು ನಾವು ಒಪ್ಪಲಾರೆವು. ಸಾವಿರ ಲೀಟರನ್ನು ಮೇಲಕ್ಕೆ ಕಳಿಸಲು, ಪಂಪಿನ ನಷ್ಟ ಸೇರಿ, 1.3 ಯೂನಿಟ್‌ಗಿಂತ ಹೆಚ್ಚು ಬೇಕು. ಇಳಿದಾಗ ಬರುವುದು ಒಂದಕ್ಕಿಂತ ತುಸು ಹೆಚ್ಚು. ನೂರು ಹಾಕಿದರೆ ಎಪ್ಪತ್ತೈದರಿಂದ ಎಂಬತ್ತು ಹಿಂದೆ ಬರುತ್ತದೆ. ಇದು ಕಣಜ, ಹೊಲವಲ್ಲ. ಹಗಲಿನ ಸೂರ್ಯವಿದ್ಯುತ್ತು ಮಿಕ್ಕು ಹಾಳಾಗುವುದಾದರೆ, ಕಾಲುಭಾಗ ಕಳೆದುಕೊಂಡಾದರೂ ಉಳಿದದ್ದನ್ನು ಸಂಜೆಗೆ ಕೂಡಿಡುವುದು ಲಾಭವೇ. ಕಣಜಕ್ಕೆ ಅದರದೇ ಬೆಲೆಯಿದೆ. ಆದರೆ ಸಿಂಗಳೀಕಗಳಿರುವ ಆ ಕಾಡಿನಲ್ಲಿ ಸುರಂಗ ಕೊರೆಯಬೇಕೆ ಬೇಡವೆ ಎಂದು ಕೇಳುವಾಗ, 2,000 ಮೆಗಾವ್ಯಾಟಿನ ಜೊತೆಗೆ ಕೇಳಬೇಕಾದ ಅಂಕಿಗಳು ಎರಡು: ಎಷ್ಟು ಗಂಟೆ ನಡೆಯುತ್ತದೆ, ಮತ್ತು ನೀರೇರಿಸುವ ವಿದ್ಯುತ್ತು ಎಲ್ಲಿಂದ ಬರುತ್ತದೆ. ಮೇಲಿನ ನೀರನ್ನು ಈವರೆಗೆ ಏರಿಸುತ್ತಿದ್ದವನು ಸೂರ್ಯ. ಅವನು ಕಡಲಿನಿಂದ ಎತ್ತಿ ಘಟ್ಟದ ಮೇಲೆ ಸುರಿದದ್ದಕ್ಕೆ ಬಿಲ್ಲು ಬಂದಿರಲಿಲ್ಲ.