ಮೈನಿಂಗ್ ಕಾರ್ಡ್ ಎಂದರೆ ಹೆದರಬೇಕೇ?

ಬೆಂಗಳೂರಿನ ಎಸ್.ಪಿ. ರೋಡಿಗೆ ಅಣ್ಣನ ಜೊತೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ನೋಡಲು ಹೋಗಿದ್ದೆ. ಆರ್‌ಎಕ್ಸ್ 580, 8 ಜಿಬಿ. "ಮೈನಿಂಗ್‌ಗೆ ಬಳಸಿಲ್ಲ ಸರ್" ಎಂದರು ಅಂಗಡಿಯವರು. ಆ ಮಾತನ್ನು ಪರೀಕ್ಷಿಸಲು ದಾರಿಯಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ ನಿಂತ ಮೇಲೆ ಇಂಥ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು.

ಮೈನಿಂಗ್ ಮಾಡಿದ ಕಾರ್ಡನ್ನು ಮುಟ್ಟಲೇಬಾರದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಹಗಲೂ ರಾತ್ರಿ ಓಡಿದ ಕಾರ್ಡಿನಲ್ಲಿ ಮೊದಲು ಸವೆಯುವುದು ಸಾಮಾನ್ಯವಾಗಿ ಚಿಪ್ ಅಲ್ಲ, ಫ್ಯಾನ್ ಮತ್ತು ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್. ಎರಡನ್ನೂ ಬದಲಿಸಬಹುದು. ಮೆಮೊರಿಯೇ ಕೆಟ್ಟಿದ್ದರೆ ಮಾತ್ರ ಬಿಟ್ಟುಬಿಡಬೇಕು. ಅದನ್ನು ತಿಳಿಯಲು ಅಂಗಡಿಯಲ್ಲೇ FurMark ಅನ್ನು ಹದಿನೈದು ನಿಮಿಷ ಓಡಿಸಿ, ಆಮೇಲೆ ಒಂದು ಗೇಮ್ ಹಾಕಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಕಂಡರೆ ಎದ್ದು ಬನ್ನಿ.

ನಮ್ಮದು ಆ ಪರೀಕ್ಷೆಯಲ್ಲಿ ಪಾಸಾಯಿತು. ಫ್ಯಾನ್ ಒಂದು ಕರಕರ ಎನ್ನುತ್ತಿತ್ತು, ಅಷ್ಟೇ. ಆದರೆ GPU-Z ತೆರೆದಾಗ Shaders ಎಂಬಲ್ಲಿ 2304 ಇರಬೇಕಾದದ್ದು 2048 ಇತ್ತು. ಹೆಸರು 580, ಒಳಗೆ ಹೆಚ್ಚುಕಡಿಮೆ 570! ಮೈನಿಂಗ್‌ಗಿಂತ ದೊಡ್ಡ ಮೋಸ ಇದು.

ವಾರಂಟಿಯ ಮಾತೂ ಅಷ್ಟೇ. 2017ರಲ್ಲಿ ಬಂದ ಮಾಡೆಲ್‌ಗೆ ಕಂಪನಿ ವಾರಂಟಿ ಉಳಿದಿರುವುದು ಅನುಮಾನ. ಅಂಗಡಿಯವರು ಬಾಯಲ್ಲಿ "ಒಂದು ತಿಂಗಳು" ಎಂದರು. ಸೀರಿಯಲ್ ನಂಬರ್ ಸಮೇತ ಬಿಲ್ಲಿನಲ್ಲಿ ಬರೆದುಕೊಡಿ ಎಂದು ಅಣ್ಣ ಕೇಳಿದಾಗ ಅವರು ಒಪ್ಪಲಿಲ್ಲ. ನಾವು ಬರಿಗೈಯಲ್ಲಿ ಬಸ್ ಹತ್ತಿದೆವು.